ಬಟ್ಟಿ ಸರಿದಿರಲಿಲ್ಲ

ನಮ್ಮ ಬಳಗದಲ್ಲಿ ಈ ಸಂಗತಿಯನ್ನು ಹೇಳುವ ರೀತಿ ಒಂದೇ. ಲಕ್ಷ್ಮೇಶ್ವರದ ನಮ್ಮ ಮನೆಯಲ್ಲಿ ಹೇಳಿದರೂ ಅದೇ, ಶಿರಹಟ್ಟಿಯ ಸೋದರಮಾವನ ಕಟ್ಟೆಯ ಮೇಲೆ ಹೇಳಿದರೂ ಅದೇ. "ಬಟ್ಟಿ ತಗಿಯೋ ಮುದುಕಿ ಹುಡುಗಿ ಹೊಟ್ಟಿ ತಿಕ್ಕಿ ತಿಕ್ಕಿ ಒಳಗಿಂದೆಲ್ಲಾ ತಿರುವಿಬಿಟ್ಲು. ಅದಕ್ಕ ಆಪರೇಶನ್ ಆತು." ಕೇಳಿದವರು ನಾಲಿಗೆ ಲೊಚಗುಟ್ಟುತ್ತಾರೆ. ಒಬ್ಬರಾದರೂ ಆ ಮುದುಕಿಗೆ ಶಾಪ ಹಾಕುತ್ತಾರೆ. ಆಮೇಲೆ ಚಹಾ ಬರುತ್ತದೆ, ಮಾತು ಮುಗಿಯುತ್ತದೆ.

ಗದಗಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ನಮ್ಮನ್ನು ತಯಾರು ಮಾಡುತ್ತಿದ್ದ ಮೇಷ್ಟ್ರು ಒಂದು ಮಾತು ಹೇಳುತ್ತಿದ್ದರು: ಎಲ್ಲರೂ ಒಪ್ಪಿದ ಮಾತು ಎದುರಾದರೆ ಅದು ನಿಜವೇ ಎಂದು ಕೇಳುವ ಮೊದಲು, ಅದರಿಂದ ಯಾರಿಗೆ ಅನುಕೂಲ ಎಂದು ಕೇಳಿ. ಈ ಕತೆಗೆ ನಾನು ಆ ಪ್ರಶ್ನೆ ಹಾಕಿದ್ದೇನೆ. ಮುದುಕಿಯ ಪರವಾಗಿ ವಕಾಲತ್ತು ಮಾಡುವ ಆಸೆ ನನಗಿಲ್ಲ. ಹೊಕ್ಕುಳ ಕೆಳಗೆ ಮಿಡಿಯುವ ನಾಡಿ, ಅಂದರೆ ಬಟ್ಟಿ, ಜಾಗ ಬಿಟ್ಟು ಸರಿಯುತ್ತದೆ, ಅದರಿಂದ ಹೊಟ್ಟೆನೋವು ಬರುತ್ತದೆ, ಹೆಬ್ಬೆರಳು ಜಗ್ಗಿ ಹೊಟ್ಟೆ ನೀವಿದರೆ ಅದು ಮತ್ತೆ ಜಾಗಕ್ಕೆ ಕೂರುತ್ತದೆ ಎಂಬ ವಿದ್ಯೆಯನ್ನು ನಾನು ಎಂದೂ ನಂಬಿದವಳಲ್ಲ. ಆದರೆ ನಂಬದಿರುವುದು ಬೇರೆ, ಮಾಡದ ತಪ್ಪನ್ನು ಹೊರಿಸುವುದು ಬೇರೆ. ಆ ಹುಡುಗಿ ನನ್ನ ಅಕ್ಕ. ಅವಳ ಹೊಟ್ಟೆಯೊಳಗಿನ ಗಂಟು ತಿರುಚಿಕೊಂಡ ದಿನ ಆ ಮುದುಕಿ ಊರಲ್ಲೇ ಇರಲಿಲ್ಲ.

ಮೊದಲಿಂದ ಹೇಳುತ್ತೇನೆ.

ಅಕ್ಕ ನನಗಿಂತ ಮೂರು ವರ್ಷ ದೊಡ್ಡವಳು. ಲಕ್ಷ್ಮೇಶ್ವರದ ಒಂದು ಸಣ್ಣ ಶಾಲೆಯಲ್ಲಿ ಒಂದನೇ ಇಯತ್ತೆಯ ಮಕ್ಕಳಿಗೆ ಕಲಿಸುತ್ತಿದ್ದಳು. ಅಪ್ಪನದು ಹಿಟ್ಟಿನ ಗಿರಣಿ. ಜಗಳವೆಲ್ಲ ನನ್ನ ಪಾಲಿಗೆ ಬಂದದ್ದರಿಂದ ಅಕ್ಕನ ಪಾಲಿಗೆ ಸಮಾಧಾನ ಉಳಿದಿತ್ತು ಎಂದು ಅವ್ವ ನಗುತ್ತಿದ್ದಳು. ಅಕ್ಕನಿಗೆ ಮೊದಲ ಸಲ ಕಿಬ್ಬೊಟ್ಟೆಯ ಎಡಗಡೆ ನೋವು ಬಂದಾಗ ನಾನು ಗದಗಿನ ಹಾಸ್ಟೆಲಿನಲ್ಲಿದ್ದೆ. ಹಾಗಾಗಿ ಸ್ಕ್ಯಾನಿಂಗಿಗೆ ಅವಳನ್ನು ಕರೆದುಕೊಂಡು ಹೋಗುವ ಕೆಲಸ ನನ್ನದಾಯಿತು. ಅಲ್ಲಿನ ಡಾಕ್ಟರಮ್ಮ ಪರದೆಯ ಮೇಲೆ ಒಂದು ಕರಿ ದುಂಡನೆಯ ಆಕಾರ ತೋರಿಸಿದರು. ತೆಳು ಗೋಡೆ, ಒಳಗೆ ಬರೀ ತಿಳಿನೀರು.

"ಅಂಜಬ್ಯಾಡ್ರಿ," ಎಂದರು. "ಪ್ರತಿ ತಿಂಗಳು ಓವರಿಯೊಳಗ ಒಂದು ನೀರಿನ ಗುಳ್ಳಿ ಬೆಳಿತೈತಿ. ತತ್ತಿ ಹೊರಗ ಬೀಳೋ ಹೊತ್ತಿಗೆ ಒಡಿತೈತಿ. ಒಮ್ಮೊಮ್ಮೆ ಒಡಿಯೂದಿಲ್ಲ, ಹಂಗ ನೀರು ತುಂಬಿಕೊಂಡು ಕುಂದರ್ತೈತಿ. ಇದು ರೋಗ ಅಲ್ಲ, ಓವರಿ ತನ್ನ ಕೆಲಸ ಮಾಡಾಕ ಹೋಗಿ ಅರ್ಧಕ್ಕ ಬಿಟ್ಟಿದ್ದು. ಎರಡು ಮೂರು ಮುಟ್ಟು ಆಗ್ಲಿ, ಮತ್ತ ಬರ್ರಿ."

ಮತ್ತೆ ಹೋದಾಗ ಆ ಕರಿ ದುಂಡು ಪರದೆಯ ಮೇಲೆ ಇರಲಿಲ್ಲ. ಅಷ್ಟರಲ್ಲಿ ಅವ್ವ ದಿನಾ ಬೆಳಿಗ್ಗೆ ಮೆಂತೆಯ ನೀರು ಕುಡಿಸಿದ್ದಳು, ದೇವರಿಗೆ ಹರಕೆ ಹೊತ್ತಿದ್ದಳು. ಕೀರ್ತಿ ಆ ಎರಡಕ್ಕೂ ಹಂಚಿಹೋಯಿತು. ತಾನಾಗಿ ಹೋಗುವುದು ತಾನಾಗಿ ಹೋಯಿತು ಎಂದು ನಾನು ವಾದಿಸಿದೆ. "ಹೋತಿಲ್ಲೋ? ಹೆಂಗ ಹೋದ್ರೇನು?" ಎಂದಳು ಅವ್ವ. ಆಗ ಇದು ನಗುವ ಮಾತಾಗಿತ್ತು.

ಎರಡನೆಯ ಸಲದ್ದು ಬೇರೆ. ಒಂದೆರಡು ವರ್ಷ ಬಿಟ್ಟು, ಈ ಸಲ ಬಲಗಡೆ, ಒಂದು ಭಾರ. ಅದೇ ಡಾಕ್ಟರಮ್ಮ, ಅದೇ ಪರದೆ. ಈ ಸಲ ಒಳಗಿದ್ದದ್ದು ತಿಳಿನೀರಲ್ಲ. ಕಪ್ಪಿನ ನಡುವೆ ಬಿಳಿ ಮುದ್ದೆ, ಗೆರೆಗೆರೆ, ಒಂದು ಮೂಲೆಯಲ್ಲಿ ಎಲುಬಿನಂತೆ ಹೊಳೆಯುವ ಚುಕ್ಕೆ. ದೊಡ್ಡ ಮೋಸಂಬಿಯಷ್ಟಿತ್ತು. ಡಾಕ್ಟರಮ್ಮ ಅದನ್ನು ಎರಡೆರಡು ಬಾರಿ ಅಳೆದು ನೋಡಿದರು.

"ಇದು ಹೋದ ಸಲದ್ದಲ್ಲ," ಎಂದರು ಕೊನೆಗೆ. "ಇದು ಹೊಸದಾಗಿ ಬೆಳೆದ ಗಡ್ಡಿ. ಡರ್ಮಾಯ್ಡ್ ಅಂತಾರ. ತತ್ತಿಯ ಒಂದು ಜೀವಕಣ ದಾರಿ ತಪ್ಪಿ ತನ್ನಷ್ಟಕ್ಕ ತಾನ ಚರ್ಮ, ಕೊಬ್ಬು, ಕೂದಲ ಮಾಡಿಕೋತ ಹೋಗ್ತೈತಿ. ಗಂಡಿಗೂ ಇದಕ್ಕೂ ಏನೂ ಸಂಬಂಧ ಇಲ್ಲ. ಸಣ್ಣ ಹುಡುಗಿಯರಿಗೂ ಆಗ್ತೈತಿ."

ಅಕ್ಕ ಕೇಳಿದಳು: "ಕ್ಯಾನ್ಸರ್ ಏನ್ರಿ?"

"ಗಡ್ಡಿ ಅಂದ ಕೂಡ್ಲೆ ಕ್ಯಾನ್ಸರ್ ಅಲ್ಲವಾ. ಈ ವಯಸ್ಸಿನಾಗ ಇಂಥವು ಬಹುತೇಕ ಸಾದಾ ಇರ್ತಾವ. ರಕ್ತ ಪರೀಕ್ಷೆ ಮಾಡೋಣು, ತೆಗೆದ ಮ್ಯಾಲೆ ಲ್ಯಾಬಿಗೂ ಕಳಿಸೋಣು. ಆದ್ರ ಇದು ಕರಗೂದಿಲ್ಲ. ಎಷ್ಟು ಮುಟ್ಟು ಕಾದ್ರೂ ಹೋಗೂದಿಲ್ಲ. ಪುರುಸೊತ್ತಿನಾಗ ಬಂದ್ರ ಗಂಟಷ್ಟ ಬಿಡಿಸಿ ತೆಗೆದು ಓವರಿ ಉಳಿಸ್ತೀನಿ. ಬಿಟ್ರ ಒಂದು ಅಂಜಿಕಿ ಐತಿ."

ಆ ಅಂಜಿಕೆ ಏನೆಂದು ಅವರು ಕೈಯಲ್ಲಿ ತೋರಿಸಿದರು. ಕೊರಳಲ್ಲಿದ್ದ ಸ್ಟೆತೊಸ್ಕೋಪನ್ನು ತೆಗೆದು, ಒಂದು ತುದಿ ಹಿಡಿದು ಇನ್ನೊಂದನ್ನು ಕೆಳಗೆ ತೂಗುಬಿಟ್ಟರು. ಅಂಡಾಶಯ ಹೊಟ್ಟೆಯಲ್ಲಿ ಹೀಗೆಯೇ ನೇತಾಡುತ್ತದೆ, ರಕ್ತ ಬರುವ ಹೋಗುವ ನಾಳಗಳೆಲ್ಲ ಆ ತೊಟ್ಟಿನಲ್ಲೇ ಇವೆ. ತುದಿಗೆ ಭಾರ ಬಿದ್ದರೆ ಒಂದು ದಿನ ಅದು ಗಿರಕಿ ಹೊಡೆಯುತ್ತದೆ. ಆಗ ರಕ್ತ ಹೊರಗೆ ಹೋಗುವ ದಾರಿ ಮೊದಲು ಕಟ್ಟುತ್ತದೆ, ಒಳಗೆ ಬರುವ ದಾರಿ ಇನ್ನೂ ಸ್ವಲ್ಪ ತೆರೆದಿರುತ್ತದೆ. ಬಾತು ಬಾತು ಕೊನೆಗೆ ಅದೂ ನಿಲ್ಲುತ್ತದೆ. "ಒಮ್ಮೆಲೆ ಒಂದ ಕಡೆ ಜೋರ್ ನೋವು ಬಂದು ವಾಂತಿ ಆದ್ರ," ಎಂದರು, "ಮನ್ಯಾಗ ಒಂದು ತಾಸೂ ಕುಂದರಬ್ಯಾಡ್ರಿ. ಆಪರೇಶನ್ ಇರೋ ಆಸ್ಪತ್ರಿಗೆ ಸೀದಾ ಬರ್ರಿ."

ಮನೆಗೆ ಬಂದು ನಾನು ಇಷ್ಟನ್ನೂ ಹೇಳಿದೆ. ರಕ್ತ ಪರೀಕ್ಷೆಯಲ್ಲಿ ಕೆಟ್ಟದ್ದೇನೂ ಸಿಗಲಿಲ್ಲ ಎಂಬುದನ್ನೂ ಹೇಳಿದೆ. ಅದನ್ನು ಹೇಳದಿದ್ದರೆ ಚೆನ್ನಿತ್ತೇನೋ, ಏಕೆಂದರೆ ಅವರಿಗೆ ಕೇಳಿಸಿದ್ದು ಅದೊಂದೇ.

"ಹೋದ ಸಲನೂ ಗಂಟು ಅಂದಿದ್ರು," ಎಂದ ಅಪ್ಪ. "ಎಲ್ಲೈತಿ ಈಗ ಅದು?"

"ಅದು ನೀರಿಂದು, ಅಪ್ಪಾ. ಇದು ಬ್ಯಾರೆ."

"ಗಂಟು ಗಂಟ. ಆ ಡಾಕ್ಟರೇ ಕಾಯ್ರಿ ಅಂದಿದ್ಲು, ಕಾದ್ವಿ, ಹೋತು."

ಸಭೆಯಲ್ಲಾದರೆ ಈ ವಾದವನ್ನು ನಾನು ಒಂದೇ ಉಸಿರಿಗೆ ಕೆಡವುತ್ತಿದ್ದೆ. ಒಂದೇ ಉದಾಹರಣೆಯಿಂದ ನಿಯಮ ಕಟ್ಟಬಾರದು, ಹೆಸರು ಒಂದಾದ ಮಾತ್ರಕ್ಕೆ ವಸ್ತು ಒಂದಾಗುವುದಿಲ್ಲ, ಹೀಗೆ. ಆದರೆ ಮನೆಯಲ್ಲಿ ತೀರ್ಪುಗಾರರೂ ಎದುರಾಳಿಗಳೂ ಅವರೇ. ಮೇಲಾಗಿ ಅವರ ಬಳಿ ಇದ್ದದ್ದು ಕಣ್ಣಾರೆ ಕಂಡ ಸಾಕ್ಷಿ, ನನ್ನ ಬಳಿ ಇದ್ದದ್ದು ಡಾಕ್ಟರ ಮಾತು. ಇನ್ನೊಂದು ಸಂಗತಿಯೂ ಇತ್ತು. ಮುಂಡರಗಿಯಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಒಳ್ಳೆಯವನೆಂದು ಮಾವ ತಂದದ್ದು. ಮದುವೆಗೆ ಮೊದಲು ಹೆಣ್ಣಿನ ಹೊಟ್ಟೆಗೆ ಹೊಲಿಗೆ ಬಿದ್ದರೆ ಬೀಗರಿಗೆ ಏನು ಹೇಳುವುದು?

"ಲಗ್ನ ಆಗ್ಲಿ, ಆಮ್ಯಾಲೆ ನೋಡೋಣು," ಎಂದಳು ಅವ್ವ.

ನಾನು ಅಕ್ಕನ ಕಡೆ ನೋಡಿದೆ. ಅವಳು ಮಕ್ಕಳ ಪಾಟಿಗಳನ್ನು ಒರೆಸುತ್ತ, "ನೀ ಸುಮ್ನಿರ, ಎಲ್ಲಾದ್ರಾಗೂ ವಾದ," ಎಂದಳು.

ಆಮೇಲಿನ ತಿಂಗಳುಗಳಲ್ಲಿ ಮುದುಕಿ ಬಂದದ್ದು. ನಮ್ಮ ಓಣಿಯ ಕೊನೆಯ ಮನೆಯವಳು. ಮಕ್ಕಳ ಬಟ್ಟಿ, ಬಾಣಂತಿಯರ ಬಟ್ಟಿ, ಚೀಲ ಎತ್ತಿದ ಹಮಾಲರ ಬಟ್ಟಿ, ಎಲ್ಲವನ್ನೂ ತೆಗೆಯುತ್ತಿದ್ದಳು. ಅವಳದೊಂದು ನಿಯಮ: ಬಟ್ಟಿ ನೋಡುವುದು ಬೆಳಿಗ್ಗೆ, ಬರಿಹೊಟ್ಟೆಯಲ್ಲಿ. ಉಂಡ ಹೊಟ್ಟೆಯ ಮೇಲೆ ಅವಳು ಕೈಯಿಡುತ್ತಿರಲಿಲ್ಲ. ಅಕ್ಕನಿಗೆ ಮೂರು ಸಲ ಇದ್ದಕ್ಕಿದ್ದಂತೆ ಬಲಗಡೆ ಹಿಂಡುವ ನೋವು ಬಂತು, ವಾಂತಿಯಾಯಿತು. ಮೂರು ಸಲವೂ ಬೆಳಿಗ್ಗೆ ಮುದುಕಿ ಬಂದು ಹೊಕ್ಕುಳದ ಸುತ್ತ ಹರಳೆಣ್ಣೆ ಸವರಿ, ಹೆಬ್ಬೆರಳು ಜಗ್ಗಿ, ಹೊಟ್ಟೆಯ ಮೇಲೆ ಹಚ್ಚಿಟ್ಟ ದೀಪಕ್ಕೆ ತಂಬಿಗೆ ಬೋರಲು ಹಾಕಿ ಹೋದಳು. ಮೂರು ಸಲವೂ ನೋವು ಇಳಿಯಿತು.

ನಾನು ಹಾಸ್ಟೆಲಿನಿಂದ ಫೋನು ಮಾಡಿದಾಗೆಲ್ಲ ಅವ್ವ ಗೆದ್ದ ದನಿಯಲ್ಲಿ ಹೇಳುತ್ತಿದ್ದಳು: "ಬಟ್ಟಿ ಸರದಿತ್ತವಾ. ಆತು, ಕುಂತೈತಿ."

ಇದರ ಒಳಗುಟ್ಟು ನನಗೆ ಗದಗಿನ ಡಾಕ್ಟರಮ್ಮನಿಂದ ತಿಳಿದದ್ದು ಎಲ್ಲ ಮುಗಿದ ಮೇಲೆ. ಗಂಟು ಹೊತ್ತ ಅಂಡಾಶಯ ಕೆಲವೊಮ್ಮೆ ಅರ್ಧ ಸುತ್ತಿಕೊಂಡು ತಾನೇ ಬಿಚ್ಚಿಕೊಳ್ಳುತ್ತದಂತೆ. ಸುತ್ತಿದಾಗ ನೋವು, ಬಿಚ್ಚಿದಾಗ ಆರಾಮ. ಆ ಆರಾಮವೇ ಎಚ್ಚರಿಕೆ. ನೋವು ಇಳಿದ ಹೊತ್ತಿಗೆ ಮುದುಕಿಯ ಕೈ ಹೊಟ್ಟೆಯ ಮೇಲಿತ್ತು, ಅಷ್ಟೇ. ಮೆಂತೆಯ ನೀರಿಗೆ ಸಂದ ಕೀರ್ತಿಯೇ ಅವಳ ಕೈಗೂ ಸಂದಿತು. ಅವಳು ಇಲ್ಲದಿದ್ದರೂ ಆ ಮೂರು ಸಲ ನೋವು ಇಳಿಯುತ್ತಿತ್ತು. ನಾಲ್ಕನೆಯ ಸಲ ಅವಳು ಇದ್ದಿದ್ದರೂ ಅದು ಇಳಿಯುತ್ತಿರಲಿಲ್ಲ.

ಆ ಶನಿವಾರ ಅಕ್ಕ ಶಾಲೆಯಿಂದ ಬಂದು, ನೀರಿನ ಕೊಡ ಎತ್ತಿ ಇಳಿಸುವಾಗ ಕುಸಿದು ಕೂತಳಂತೆ. ಮರುದಿನ ಭಾನುವಾರ, ನಾನು ಮುಂಜಾನೆಯ ಬಸ್ಸಿಗೆ ಬಂದೆ. ಬಾಗಿಲಲ್ಲೇ ವಾಂತಿಯ ವಾಸನೆ ಹೊಡೆಯಿತು. ಅಕ್ಕ ಮೊಣಕಾಲುಗಳನ್ನು ಎದೆಗೆ ಒತ್ತಿಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಮುಖ ಬೂದಿ ಬಡಿದಂತಿತ್ತು.

"ನಿನ್ನೆಯಿಂದ ಹಿಂಗ ಐತೇನು?"

"ಬಟ್ಟಿ ತಗಿಯೋ ಅಜ್ಜಿ ಹಿರೇಹಂದಿಗೋಳಕ್ಕ ಹೋಗ್ಯಾಳ, ಮೊಮ್ಮಗನ ಹೆಸರಿಡಾಕ," ಎಂದಳು ಅವ್ವ. "ಮೊದಲ ಬಸ್ಸಿಗೆ ಬರ್ತೀನಿ ಅಂತ ಖಬರ ಕಳಿಸ್ಯಾಳ. ಇಕೀನ ಬರಿಹೊಟ್ಟಿಲೇ ಇಟ್ಟೀನಿ. ಒಂದು ಗುಟುಕು ನೀರೂ ಕೊಟ್ಟಿಲ್ಲ."

"ಅವ್ವಾ, ಡಾಕ್ಟರ್ ಏನಂದಿದ್ರು? ಒಂದು ತಾಸೂ ಕುಂದರಬ್ಯಾಡ್ರಿ ಅಂದಿರ್ಲಿಲ್ಲೇನು?"

"ಮೂರು ಸಲ ಹಿಂಗ ಆಗಿ ಆರಾಮ ಆಗೈತೆಲ್ಲ!"

ಆಗ ಅಕ್ಕ ಗೋಡೆಯ ಕಡೆಯಿಂದಲೇ, ಹಲ್ಲು ಕಚ್ಚಿ ಹೇಳಿದಳು: "ಇದು ಅದಲ್ಲವ್ವಾ. ಇದು ಬ್ಯಾರೆ."

ಅಪ್ಪ ಗಿರಣಿಯ ಗಿರಾಕಿಯೊಬ್ಬರ ಗಾಡಿ ತರಿಸಿದ. ಊರಲ್ಲಿಯ ಒಂದು ಚಿಕ್ಕ ದವಾಖಾನೆಗೆ ಹೋದೆವು. ಅಂದು ಅಲ್ಲಿದ್ದ ಡಾಕ್ಟರು ಹುಡುಗನಂತೆ ಕಾಣುತ್ತಿದ್ದರು, ಆದರೆ ತಪ್ಪು ಮಾಡಲಿಲ್ಲ. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ನಮ್ಮ ಬಳಗದ ಕತೆಯಲ್ಲಿ ಅವರು ಇಲ್ಲವೇ ಇಲ್ಲ. ಹೊಟ್ಟೆ ಮುಟ್ಟಿ ನೋಡಿದರು. ಬಲಗಡೆ ಒತ್ತಿದಾಗ ಅಕ್ಕ ಚೀರಿದಳು. ನಾನು ಡರ್ಮಾಯ್ಡಿನ ಸಂಗತಿ ಹೇಳಿದೆ.

"ಗಂಟು ತಿರುಚಿಕೊಂಡಿರಬೇಕು," ಎಂದರು. "ಅಪೆಂಡಿಕ್ಸೂ ಇರಬಹುದು. ಎರಡಕ್ಕೂ ಇಲ್ಲಿ ಆಪರೇಶನ್ ಆಗೂದಿಲ್ರಿ, ಗದಗಿಗೆ ಜಲ್ದಿ ಕಳಿಸ್ತೀನಿ, ಆಂಬುಲೆನ್ಸಿಗೆ ಫೋನ್ ಮಾಡ್ತೀನಿ. ಅಷ್ಟರಾಗ ಸಲೈನ್ ಹಚ್ಚಿ, ಒಂದು ಮೂತ್ರ ಪರೀಕ್ಷೆ ಮಾಡಿಬಿಡೋಣು. ಮುಟ್ಟು ಯಾವಾಗ ಆಗಿತ್ತು?"

"ಯಾತರ ಪರೀಕ್ಷೆ?" ಎಂದ ಅಪ್ಪ.

ಡಾಕ್ಟರು ದನಿ ತಗ್ಗಿಸಿದರು. "ಬಸುರಿಂದು. ಬಸುರು ಕೊಳವಿಯೊಳಗ ನಿಂತು ಒಡೆದ್ರೂ ಹಿಂಗ ನೋವು ಬರ್ತೈತ್ರಿ. ಅದು ಅಲ್ಲ ಅಂತ ಗೊತ್ತಾಗಬೇಕು."

"ನಮ್ಮ ಹುಡುಗಿದು ಲಗ್ನ ಆಗಿಲ್ರಿ."

"ಇರಬಹುದ್ರೀ ಯಜಮಾನ್ರ. ಈ ವಯಸ್ಸಿನಾಗ ಹೊಟ್ಟಿ ನೋವು ಅಂತ ಬಂದ ಹೆಣ್ಣುಮಕ್ಕಳಿಗೆಲ್ಲಾ ಮಾಡೋದ. ನಮ್ಮ ತಂಗಿ ಬಂದ್ರೂ ಮಾಡ್ತೀನಿ."

ಬಾಗಿಲ ಹೊರಗಿನ ಬೆಂಚಿನ ಮೇಲೆ ನಮ್ಮ ಓಣಿಯವರೇ ಇಬ್ಬರು ಕೂತಿದ್ದರು. ಅವರ ಮಾತು ನಿಂತಿತ್ತು. ಅಪ್ಪನ ಕಿವಿ ಕೆಂಪಾದವು. ಅಕ್ಕನ ತೋಳು ಹಿಡಿದು ಎಬ್ಬಿಸಿದ. "ನಡಿಯವಾ. ಇಂಥಾ ಮಾತ ಕೇಳಾಕ ನಾವು ಬಂದಿಲ್ಲ."

"ಅಪ್ಪಾ, ಇಕಿಗೆ ನಿಲ್ಲಾಕ ಆಗವಲ್ದು!"

"ನೀ ಬಾಯಿ ಮುಚ್ಚು. ನಿನ್ನ ಡಿಬೇಟು ಕಾಲೇಜಿನಾಗ."

ಡಾಕ್ಟರು ಬಾಗಿಲವರೆಗೂ ಬಂದರು. "ಪರೀಕ್ಷೆ ಬ್ಯಾಡಾದ್ರ ಬ್ಯಾಡ್ರಿ, ಗದಗಿಗಾದ್ರೂ ಹೋಗ್ರಿ, ತಡಾ ಮಾಡಬ್ಯಾಡ್ರಿ," ಎಂದು ಕೂಗಿದರು. ಅಪ್ಪ ತಿರುಗಿ ನೋಡಲಿಲ್ಲ.

ಗದಗಿಗೆ ಶಿರಹಟ್ಟಿಯ ಮೇಲೆಯೂ ಹೋಗಬಹುದು. ಅಪ್ಪ ಆ ದಾರಿ ಹಿಡಿಸಿದ. ಮಾವನಿಗೆ ಗುರುತಿನ ಡಾಕ್ಟರೊಬ್ಬರು ಶಿರಹಟ್ಟಿಯಲ್ಲಿದ್ದಾರೆ, ಅವರು ಇಂಥದ್ದು ಕೇಳುವುದಿಲ್ಲ ಎಂಬುದು ಅವನ ಲೆಕ್ಕ. ಗಾಡಿಯಲ್ಲಿ ಅಕ್ಕ ನನ್ನ ತೊಡೆಯ ಮೇಲೆ ತಲೆಯಿಟ್ಟಿದ್ದಳು. ಅರ್ಧ ದಾರಿಯಲ್ಲಿ ಅವಳ ಮುಷ್ಟಿ ಸಡಿಲಾಯಿತು.

"ಈಗ ಸ್ವಲ್ಪ ಕಡಿಮಿ ಆಗೈತಿ," ಎಂದಳು.

ಮುಂದಿನ ಸೀಟಿನಿಂದ ಅಪ್ಪ ಹೊರಳಿ ನೋಡಿದ. ಅವನ ಮುಖದಲ್ಲಿ ಅಂಥ ಬಿಡುಗಡೆಯನ್ನು ನಾನು ಮೊದಲು ಕಂಡಿರಲಿಲ್ಲ. "ನೋಡಿದ್ಯಾ? ಸುಮ್ನ ಅಂಜಿಸಿಬಿಟ್ಟಿದ್ದ ಆ ಹುಡುಗ."

ನೋವು ಕಡಿಮೆಯಾದದ್ದು ಏಕೆಂದು ಗದಗಿನಲ್ಲಿ ತಿಳಿಯಿತು. ಬಿಚ್ಚಿಕೊಂಡರೂ ನೋವು ಇಳಿಯುತ್ತದೆ, ರಕ್ತ ನಿಂತು ಅಂಡಾಶಯ ಸತ್ತಾಗಲೂ ಕೆಲವೊಮ್ಮೆ ಇಳಿಯುತ್ತದೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ.

ಶಿರಹಟ್ಟಿಯಲ್ಲಿ ಆ ಗುರುತಿನ ಡಾಕ್ಟರು ಊರಲ್ಲಿರಲಿಲ್ಲ, ಭಾನುವಾರ. "ಕಡಿಮಿ ಆಗೈತೆಲ್ಲ, ಮಲಗ್ಲಿ ಸ್ವಲ್ಪ," ಎಂದು ಮಾವನ ಮನೆಯವರು ಹಾಸಿಗೆ ಹಾಸಿದರು. ಗಂಡಸರು ಊಟಕ್ಕೆ ಕೂತರು. ನಾನು ಮಾವನ ಎದುರು ನಿಂತು ಗದಗಿಗೆ ಹೋಗೋಣ ಎಂದಾಗೆಲ್ಲ ಅವನು, "ಆತವಾ, ಬಿಸಿಲು ತಗ್ಗಲಿ," ಎನ್ನುತ್ತಿದ್ದ. ಬಿಸಿಲು ತಗ್ಗುವುದರೊಳಗೆ ಅಕ್ಕನ ಮೈ ಸುಡತೊಡಗಿತು. ಮತ್ತೆ ವಾಂತಿ, ಈ ಸಲ ಹಸಿರು. ಮಾವ ಅವಳ ಹಣೆ ಮುಟ್ಟಿದವನೇ ಅಪ್ಪನನ್ನು ಕೇಳದೆ ಗಾಡಿಯವನನ್ನು ಕೂಗಿದ.

ಗದಗಿನಲ್ಲಿ ಆ ಡಾಕ್ಟರಮ್ಮನೇ ಸಿಕ್ಕರು. ಅವರು ಅಪ್ಪನನ್ನು ಏನೂ ಕೇಳಲಿಲ್ಲ. ನಮ್ಮನ್ನೆಲ್ಲ ಹೊರಗೆ ನಿಲ್ಲಿಸಿ, ಬಸುರಿನ ಪರೀಕ್ಷೆ ಮಾಡಲೇ ಎಂದು ಅಕ್ಕನನ್ನೇ ಕೇಳಿದರು. ಅವಳು ಹೂಂ ಎಂದಳು. ನರ್ಸು ಒಂದು ಸಣ್ಣ ಪಟ್ಟಿಯ ಮೇಲೆ ಮೂತ್ರದ ಹನಿ ಹಾಕಿ ನೋಡಿದರು. ಚಹಾ ಕುಡಿಯುವಷ್ಟು ಹೊತ್ತೂ ಆಗಲಿಲ್ಲ. ಬಸುರಿಲ್ಲ. ಇದಕ್ಕಾಗಿ ನಾವು ಇಡೀ ಮಧ್ಯಾಹ್ನವನ್ನು ಶಿರಹಟ್ಟಿಯಲ್ಲಿ ಕಳೆದಿದ್ದೆವು.

ಪರದೆಯ ಮೇಲೆ ಬಲ ಅಂಡಾಶಯ ತನ್ನ ಜಾಗ ಬಿಟ್ಟು ನಡುಮಧ್ಯಕ್ಕೆ ಬಂದಿತ್ತು, ಬಾತಿತ್ತು. ರಕ್ತ ಹರಿದರೆ ಬಣ್ಣ ಮೂಡಬೇಕಾದಲ್ಲಿ ಬಣ್ಣ ಮೂಡಲಿಲ್ಲ.

"ಬಣ್ಣ ಕಂಡಿದ್ರೂ ನಾ ಆಪರೇಶನ್ನಿಗೆ ಒಯ್ತಿದ್ದೆ," ಎಂದರು ಡಾಕ್ಟರಮ್ಮ. "ರಕ್ತ ಸ್ವಲ್ಪ ಹರಿತಿದ್ರೂ ತಿರುಚಿಲ್ಲ ಅಂತ ಹೇಳಾಕ ಬರೂದಿಲ್ಲ. ತೆರೆದ ನೋಡಬೇಕು. ಏನಾದ್ರೂ ಉಂಡಾಳೇನು?"

"ನಿನ್ನೆ ರಾತ್ರಿಯಿಂದ ಬರಿಹೊಟ್ಟಿ ಐತ್ರಿ," ಎಂದಳು ಅವ್ವ. ಮುದುಕಿಗಾಗಿ ಕಾದಿಟ್ಟ ಬರಿಹೊಟ್ಟೆ ಅರಿವಳಿಕೆಯವರಿಗೆ ಉಪಯೋಗಕ್ಕೆ ಬಂತು. ಆ ದಿನ ನಾವು ಮಾಡಿದ್ದರಲ್ಲಿ ಸರಿಬಂದದ್ದು ಅದೊಂದೇ.

ಅವ್ವ ಡಾಕ್ಟರಮ್ಮನ ಕೈ ಹಿಡಿದಳು. "ಗರ್ಭಚೀಲ ತೆಗಿತೀರೇನ್ರಿ?"

"ಇಲ್ರೀ ಅವ್ವಾರ. ಗರ್ಭಚೀಲ ಮುಟ್ಟೂದಿಲ್ಲ. ಓವರಿ ಎರಡು ಇರ್ತಾವ, ಎಡಗಡೆದು ಚಲೋ ಕಾಣ್ತೈತಿ. ಬಲಗಡೆದು ಉಳಿಸಾಕ ನೋಡ್ತೀನಿ. ತಿರುವು ಬಿಚ್ಚಿದ್ರ ಕರಿ ಬಿದ್ದಿದ್ದೂ ಎಷ್ಟೋ ಸಲ ಜೀವ ಹಿಡಿತಾವ. ಆದ್ರ ಮಾತು ಕೊಡಾಕ ಆಗೂದಿಲ್ಲ. ಭಾಳ ಹೊತ್ತಾಗೈತಿ."

ಒಪ್ಪಿಗೆಯ ಕಾಗದಕ್ಕೆ ಅಪ್ಪ ಕೈ ಚಾಚಿದ. ಡಾಕ್ಟರಮ್ಮ ಅದನ್ನು ಅಕ್ಕನ ಮುಂದೆ ಹಿಡಿದರು. ಆ ನೋವಿನಲ್ಲೂ ಅವಳ ಸಹಿಯ ಅಕ್ಷರ ಒಂದನೇ ಇಯತ್ತೆಯ ಹಲಗೆಯ ಮೇಲಿನಂತೆ ದುಂಡಗಿತ್ತು. ಆಮೇಲೆ ಅವಳನ್ನು ಒಳಗೆ ಕರೆದೊಯ್ದರು.

ಹೊರಗೆ ಸಂಜೆಯಾಗುತ್ತಿತ್ತು. ಅಪ್ಪ ಗೋಡೆಗೆ ಒರಗಿ ಕುಕ್ಕರುಗಾಲಲ್ಲಿ ಕೂತ. ಅವ್ವ ಅವನಿಂದ ದೂರ, ಇನ್ನೊಂದು ಗೋಡೆಗೆ. ಮಾವ ಮಾತ್ರ ಅತ್ತಿಂದಿತ್ತ ತಿರುಗುತ್ತಿದ್ದ. ನನಗೆ ಆ ಹೊತ್ತಿನಲ್ಲಿ ಯಾರೊಂದಿಗೂ ವಾದ ಬೇಕಿರಲಿಲ್ಲ. ಒಳಗಿನಿಂದ ಯಾರಾದರೂ ಬಂದು ಉಳಿಯಿತು ಎಂದರೆ ಸಾಕಿತ್ತು, ಬೇಕಾದರೆ ಕೀರ್ತಿಯೆಲ್ಲ ಹರಕೆಗೇ ಹೋಗಲಿ.

ಉಳಿಯಲಿಲ್ಲ. ತೊಟ್ಟು ಮೂರು ಸುತ್ತು ತಿರುಚಿತ್ತಂತೆ. ಬಿಚ್ಚಿ, ಬಿಸಿನೀರಿನ ಅರಿವೆ ಸುತ್ತಿ ಕಾದರಂತೆ. ಬಣ್ಣ ತಿರುಗಲಿಲ್ಲ, ಹಿಡಿದರೆ ಕೈಯಲ್ಲೇ ಹರಿದು ಬರುವಷ್ಟು ಮೆತ್ತಗಾಗಿತ್ತು. ಅದನ್ನೂ ಅದರ ಕೊಳವೆಯನ್ನೂ ತೆಗೆದರು. ಎಡಗಡೆಯದನ್ನು ಚೆನ್ನಾಗಿ ನೋಡಿದರು, ಇಂಥವು ಕೆಲವರಲ್ಲಿ ಎರಡೂ ಕಡೆ ಇರುತ್ತವೆ. ಅದು ನಿರ್ಮಲವಾಗಿತ್ತು.

ತೆಗೆದದ್ದನ್ನು ಮನೆಯವರಿಗೆ ತೋರಿಸುವುದು ಅಲ್ಲಿನ ಪದ್ಧತಿ. ನರ್ಸು ಸ್ಟೀಲಿನ ತಟ್ಟೆ ಹಿಡಿದು ಬಂದರು. ನೇರಳೆಹಣ್ಣಿನ ಬಣ್ಣದ ಮುದ್ದೆ. ಸೀಳಿದ ಕಡೆ ತುಪ್ಪ ಹೆಪ್ಪುಗಟ್ಟಿದಂತೆ ಹಳದಿ ಕೊಬ್ಬು, ಅದರೊಳಗೆ ಸಿಕ್ಕು ಬಿದ್ದ ಉದ್ದ ಕೂದಲು, ಒಂದು ಹಲ್ಲು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಪ್ಪ ಆ ಹಲ್ಲನ್ನೇ ನೋಡುತ್ತ ನಿಂತ. ಮಾವ, "ಯಪ್ಪಾ, ಇದೇನಿದು!" ಎಂದ.

ಆ ಉದ್ಗಾರವೇ ಮುಂದಿನದಕ್ಕೆಲ್ಲ ಬೀಜ. ಮಾವ ಕೆಟ್ಟವನಲ್ಲ. ಸೋಜಿಗ ಕಂಡವನು ಹೇಳದೆ ಇರಲಾರ. ಶಿರಹಟ್ಟಿಯಲ್ಲಿ ಯಾರಿಗೋ ಹೇಳಿದ, ಅವರು ಮತ್ತೊಬ್ಬರಿಗೆ. ಅಕ್ಕ ಇನ್ನೂ ಗದಗಿನ ಹಾಸಿಗೆಯ ಮೇಲಿರುವಾಗಲೇ ಮುಂಡರಗಿಯಿಂದ ಅಪ್ಪನಿಗೆ ಫೋನು ಬಂತು. ಹುಡುಗನ ಕಾಕಾ. ಅವರ ದನಿ ದೊಡ್ಡದು, ಪಕ್ಕದಲ್ಲಿದ್ದ ನನಗೂ ಕೇಳಿಸಿತು.

"ಕೂದಲ ಇತ್ತಂತ, ಹಲ್ಲ ಇತ್ತಂತ. ಹಂಗಂದ್ರ ಏನ್ರೀ ಅದು ಯಜಮಾನ್ರ? ಕೂದಲ, ಹಲ್ಲು ಯಾತಕ್ಕ ಬರ್ತಾವ?"

ಅಪ್ಪ ಏನು ಹೇಳಬಹುದಿತ್ತು? ಡಾಕ್ಟರಮ್ಮ ಹೇಳಿದ್ದನ್ನೇ ಹೇಳಬಹುದಿತ್ತು. ಇಂಥ ಗಂಟಿಗೂ ಬಸುರಿಗೂ ಸಂಬಂಧವಿಲ್ಲ, ಪರೀಕ್ಷೆಯೂ ಆಗಿದೆ, ಬಸುರಿಲ್ಲ ಎಂದು ಬಂದಿದೆ, ಬೇಕಾದರೆ ಡಾಕ್ಟರನ್ನೇ ಕೇಳಿ ಎನ್ನಬಹುದಿತ್ತು. ಲಕ್ಷ್ಮೇಶ್ವರದಲ್ಲಿ ಅವನು ತಳ್ಳಿಬಂದ ಆ ಪರೀಕ್ಷೆಯೇ ಈಗ ಅವನ ಮಗಳ ಪರವಾಗಿ ನಿಲ್ಲಬಲ್ಲ ಗಟ್ಟಿ ಸಾಕ್ಷಿಯಾಗಿತ್ತು. ಅದನ್ನು ಹೇಳಬೇಕೆಂದರೆ ಪರೀಕ್ಷೆಯಾಯಿತು ಎಂಬ ಮಾತು ಬಾಯಿಂದ ಬರಬೇಕು. ಬರಲಿಲ್ಲ.

"ಯಾರ್ರೀ ಹೇಳಿದ್ದು ನಿಮಗ?" ಎಂದ ಅಪ್ಪ. "ಅಂಥಾದ್ದೇನಿಲ್ಲ. ಬಟ್ಟಿ ತಗಿಯೋ ಮುದುಕಿ ತಿಕ್ಕಿದ್ಲು ನೋಡ್ರಿ, ಒಳಗ ತಿರುವಿಬಿಡ್ತು. ಅದನ್ನ ಸರಿ ಮಾಡ್ಯಾರ, ಅಷ್ಟ."

ಕತೆ ಹುಟ್ಟಿದ್ದು ಅಲ್ಲಿ, ಆಸ್ಪತ್ರೆಯ ಮೆಟ್ಟಿಲ ಮೇಲೆ, ನನ್ನ ಕಣ್ಣೆದುರು. ಮುಂಡರಗಿಯವರು ಆಮೇಲೆ ಬರಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. ಆದರೆ ಕತೆ ಉಳಿಯಿತು. ಲ್ಯಾಬಿನಿಂದ ಗಡ್ಡೆ ಸಾದಾ ಎಂದು ಬಂತು. ಅಕ್ಕ ಶಾಲೆಗೆ ಮರಳಿದಳು. ಮುಟ್ಟು ತಿಂಗಳು ತಿಂಗಳು ಸರಿಯಾಗಿ ಆಗುತ್ತದೆ, ಎಡಗಡೆಯದು ಎರಡರ ಕೆಲಸವನ್ನೂ ಮಾಡುತ್ತಿದೆ, ಮಕ್ಕಳಾಗಲು ಅದೊಂದೇ ಸಾಕು ಎಂದು ಡಾಕ್ಟರಮ್ಮ ಹೇಳಿದ್ದಾರೆ. ವರ್ಷಕ್ಕೊಮ್ಮೆ ಬಂದು ಸ್ಕ್ಯಾನಿಂಗ್ ಮಾಡಿಸಿಕೊಂಡು ಹೋಗಿ ಎಂದಿದ್ದಾರೆ. ನಾವಿಬ್ಬರೂ ಹೋಗುತ್ತೇವೆ. ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತು, ಒಂದು ಕೈಯನ್ನು ಹೊಟ್ಟೆಯ ಬಲಗಡೆ ಇಟ್ಟುಕೊಂಡಿರುತ್ತಾಳೆ. ಅಲ್ಲಿ ಈಗ ಏನೂ ಇಲ್ಲ. ನಾನು ಆ ಕೈ ನೋಡುತ್ತೇನೆ.

ಹೋದ ವಾರ ಮನೆಗೆ ಬಂದಾಗ ಓಣಿಯ ಕೊನೆಯಲ್ಲಿ ಮುದುಕಿ ಕೂತಿದ್ದಳು. ಈಗ ಅವಳನ್ನು ಯಾರೂ ಕರೆಯುವುದಿಲ್ಲ. ಹಮಾಲರೂ ಕರೆಯುವುದಿಲ್ಲ. ಒಂದು ಲೆಕ್ಕದಲ್ಲಿ ಇದು ಒಳ್ಳೆಯದೇ ಎಂದು ನಾನು ನನಗೇ ಹೇಳಿಕೊಂಡಿದ್ದೆ. ಹೊಟ್ಟೆನೋವಿನವರು ಇನ್ನು ದವಾಖಾನೆಗೆ ಹೋಗುತ್ತಾರೆ. ಆದರೆ ಸುಳ್ಳು ಕಾರಣದಿಂದ ಬಂದ ಒಳ್ಳೆಯದನ್ನು ಎಷ್ಟು ದಿನ ಇಟ್ಟುಕೊಳ್ಳಬಹುದು? ಅವಳು ನನ್ನ ಕೈ ಹಿಡಿದು ನಿಲ್ಲಿಸಿದಳು.

"ಯವ್ವಾ, ನಾ ಆವತ್ತ ಹಿರೇಹಂದಿಗೋಳದಾಗಿದ್ದೆ. ಬಂದು ನೋಡಿದ್ರ ನಿಮ್ಮ ಮನಿಗೆ ಕೀಲಿ. ನಾ ಹುಡುಗೀನ ಮುಟ್ಟೇ ಇಲ್ಲ. ಖರೆ ಹೌದಲ್ಲೋ? ನಿಮ್ಮಪ್ಪಗ ಗೊತ್ತೈತೆಲ್ಲ?"

"ಗೊತ್ತೈತಿ, ಅಜ್ಜಿ," ಎಂದೆ.

"ಮತ್ತ್ಯಾಕ?"

ಅದನ್ನು ಕೇಳಲು ನಾನು ಗಿರಣಿಗೆ ಹೋದೆ. ಮಧ್ಯಾಹ್ನ, ಗಿರಾಕಿಗಳಿರಲಿಲ್ಲ. ಅಪ್ಪ ಬೀಸುವ ಕಲ್ಲನ್ನು ಬಿಚ್ಚಿ ನೆಲಕ್ಕೆ ಹಾಕಿ, ಉಳಿ ಹಿಡಿದು ಸವೆದ ಗೆರೆಗಳನ್ನು ಮತ್ತೆ ಕೆತ್ತುತ್ತಿದ್ದ. ಹುಬ್ಬಿನ ಮೇಲೆಲ್ಲ ಹಿಟ್ಟು ಕೂತಿತ್ತು. ನಾನು ಮುದುಕಿಯ ಮಾತು ಹೇಳಿದೆ. ಅವನು ತಲೆಯೆತ್ತಲಿಲ್ಲ.

"ಆ ಮುದುಕಿಗೆ ಏನು ಹೋತು?" ಎಂದ. "ಮನ್ಯಾಗ ಕುಂತು ಉಣ್ತಾಳ. ನನ್ನ ಮಗಳ ಹೆಸರು ಉಳೀಬೇಕಿತ್ತು."

ಮುದುಕಿಯ ಪರವಾಗಿ ನಾನು ತಯಾರಿಸಿಕೊಂಡು ಬಂದ ಮಾತುಗಳೆಲ್ಲ ಆಗ ಹಿಂದೆ ಬಿದ್ದವು. ಮಗಳ ಹೆಸರು ಎಂದನಲ್ಲ, ಅದೇ ತಡೆಯಿತು. ಆ ದವಾಖಾನೆಯ ಕೋಣೆ ಕಣ್ಣಿಗೆ ಬಂತು. ಹುಡುಗನಂಥ ಡಾಕ್ಟರು, ಹೊರಗೆ ಮಾತು ನಿಲ್ಲಿಸಿದ ಇಬ್ಬರು, ಅಪ್ಪನ ಕೆಂಪು ಕಿವಿ. ಅದನ್ನು ಇಷ್ಟು ದಿನ ಸಿಟ್ಟು ಎಂದೇ ತಿಳಿದಿದ್ದೆ. ಮಗಳ ಮೇಲೆ ನಂಬಿಕೆಯಿದ್ದವನಿಗೆ ಬರುವ ಸಿಟ್ಟು. ಆದರೆ ಪೂರ್ತಿ ನಂಬಿದವನಿಗೆ ಪರೀಕ್ಷೆಯಿಂದ ಏನು ಭಯ? ಮಾಡ್ರಿ, ನೋಡ್ರಿ ಎಂದು ಎಲ್ಲರೆದುರು ಎದೆಯೆತ್ತಿ ನಿಲ್ಲಬಹುದಿತ್ತಲ್ಲ? ಗಾಡಿಯಲ್ಲಿ, ನೋವು ಕಡಿಮೆಯಾಯಿತು ಎಂದು ಅಕ್ಕ ಹೇಳಿದಾಗ ಅವನ ಮುಖದಲ್ಲಿ ಕಂಡ ಆ ಬಿಡುಗಡೆ ಯಾವುದರಿಂದ?

ಉಳಿ ಕಲ್ಲಿನ ಮೇಲೆ ಟಕ್ ಟಕ್ ಎನ್ನುತ್ತಿತ್ತು. ನಾನು ಅವನ ಎದುರು ಕುಕ್ಕರಿಸಿ, ದನಿ ಏರಿಸದೆ ಕೇಳಿದೆ. ಉಳಿ ನಿಂತಿತು. ಅವನು ಕಲ್ಲಿನ ಮೇಲಿನ ಪುಡಿಯನ್ನು ಅಂಗೈಯಿಂದ ಒರೆಸುತ್ತ ಕೂತ, ಒರೆಸಿದ್ದನ್ನೇ ಮತ್ತೆ ಒರೆಸಿದ.

ನಾನು ಕೇಳಿದ್ದು ಇಷ್ಟೇ: "ಅಪ್ಪಾ, ಆವತ್ತ ಆ ಡಾಕ್ಟರು ಪರೀಕ್ಷೆ ಅಂದಾಗ ನಿನಗ ಸಿಟ್ಟು ಬಂದಿತ್ತೋ, ಇಲ್ಲಾ ಅದರಾಗ ಏನು ಬರ್ತೈತೋ ಅಂತ ಅಂಜಿಕಿ ಬಂದಿತ್ತೋ?"